ಬೀರು ತಳ್ಳುವಾಗ ಕೈ ಎಲ್ಲಿಡಬೇಕು?

(ದಾವಣಗೆರೆಯ ಒಂದು ವಾಚನಾಲಯದ ಮಹಡಿ ಮೇಲೆ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮೇಜಿನ ಮೇಲೆ ತೋರಿಸಿದ್ದನ್ನೆಲ್ಲ ಬರಹದಲ್ಲಿ ತೋರಿಸಲಾಗದು. ಆದ್ದರಿಂದ ಅಲ್ಲಲ್ಲಿ ಒಂದೆರಡು ಮಾತು ಹೆಚ್ಚು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಮೇಜು ಕಾಣಬೇಕು. ಈ ಹೊತ್ತಿನ ಮಾತು ಅರ್ಧ ನನ್ನದು, ಅರ್ಧ ಈ ಮರದ ತುಂಡಿನದು.

ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್ ಹುಡುಗರಿಗೆ ಮೆಕ್ಯಾನಿಕ್ಸ್ ಹೇಳಿಕೊಟ್ಟವನು. ಈ ವಿಷಯ ಮಾತ್ರ ನನಗೆ ಸರಿಯಾಗಿ ಅರ್ಥವಾಗಿದ್ದು ತರಗತಿಯಲ್ಲಿ ಅಲ್ಲ, ಕೆ.ಟಿ.ಜೆ. ನಗರದ ಬಾಡಿಗೆ ಮನೆ ಬಿಟ್ಟು ವಿದ್ಯಾನಗರಕ್ಕೆ ಸಾಮಾನು ಸಾಗಿಸಿದ ದಿನ. ಮನೆಯಲ್ಲೊಂದು ಕಬ್ಬಿಣದ ಬೀರು ಇತ್ತು. ನಿಮ್ಮೆಲ್ಲರ ಮನೆಯಲ್ಲೂ ಇರುವಂಥದ್ದೇ, ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಳಗೆ ಒಂದು ಲಾಕರ್. ಹೊಸ ಮನೆಯ ರೂಮಿನ ನಡುವೆ ಅದನ್ನು ಇಳಿಸಿ ಹಮಾಲರು ನೀರು ಕುಡಿಯಲು ಹೊರಗೆ ಹೋದರು. ಗೋಡೆಗೆ ಇನ್ನು ನಾಲ್ಕಡಿ ದೂರ. ಅಷ್ಟಕ್ಕೆ ಅವರನ್ನೇಕೆ ಕಾಯಬೇಕು ಅಂತ ಬಾಗಿಲುಗಳ ಮೇಲೆ ಎರಡೂ ಅಂಗೈ ಊರಿ ತಳ್ಳಿದೆ. ಎದೆಯ ಮಟ್ಟಕ್ಕೆ. ಎಲ್ಲರೂ ತಳ್ಳುವುದು ಅಲ್ಲೇ ತಾನೆ?

ಬೀರು ಜಾರಲಿಲ್ಲ. ನನ್ನ ಕಡೆಯ ಎರಡು ಕಾಲುಗಳು ನೆಲ ಬಿಟ್ಟು ಎದ್ದವು. ಆ ಕಡೆ ನನ್ನ ಭಾವಮೈದ ಗೋಡೆಯ ಮೊಳೆ ಕೀಳುತ್ತಾ ಕೂತಿದ್ದ. ನಾನು ಕೈ ತೆಗೆದೆ, ಬೀರು ಧಡ್ ಅಂತ ಕಾಲೂರಿತು, ಅವನು ಹಾರಿ ನಿಂತ. ಸದ್ದು ಕೇಳಿ ಒಳಗೆ ಬಂದ ಹಿರಿಯ ಹಮಾಲ ಹೇಳಿದ್ದು ಇಷ್ಟೇ: "ಮ್ಯಾಲೆ ಕೈ ಇಡಬ್ಯಾಡ್ರಿ ಸಾರ್. ಮಂಡಿ ಊರಿ ಕೆಳಗ ತಳ್ರಿ. ಮ್ಯಾಲೆ ತಳ್ಳಿದ್ರ ಅದು ಹೋಗಲ್ಲ, ಬೀಳ್ತತಿ."

ತಮಾಷೆ ಅಂದರೆ, ಹಿಂದಿನ ವಾರವಷ್ಟೇ ನಾನು ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ್ದೆ.

ಅವರು ಹೇಳಿದ "ಕೆಳಗೆ" ಅಂದರೆ ಎಷ್ಟು ಕೆಳಗೆ? ಅದಕ್ಕೊಂದು ಅಳತೆ ಇದೆ, ಟೇಪು ಹಿಡಿದು ಗುರುತು ಹಾಕಬಹುದು. ಇವತ್ತು ಹೇಳಲಿಕ್ಕೆ ಬಂದಿರುವುದು ಆ ಗುರುತಿನ ಬಗ್ಗೆ.

ಈಗ ಮರದ ತುಂಡಿಗೆ ಬರೋಣ. ಇದು ಹಳೆ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಸಾಗವಾನಿ ತೊಲೆಯ ತುಂಡು. ಬಡಗಿಯಿಂದ ಸರಿಯಾಗಿ ಕೊಯ್ಯಿಸಿದ್ದೇನೆ: ಬುಡ 10 ಸೆಂ.ಮೀ.ಗೆ 10 ಸೆಂ.ಮೀ., ಎತ್ತರ 30. ತೂಕ ಎರಡು ಕಿಲೋಗೆ ಚೂರು ಕಡಿಮೆ, ಲೆಕ್ಕಕ್ಕೆ ಎರಡು ಅಂತಲೇ ಇಟ್ಟುಕೊಳ್ಳೋಣ. ಒಂದು ಬದಿಗೆ ಐದು ಕೊಕ್ಕೆ ತಿರುಗಿಸಿದ್ದೇನೆ, ಬುಡದಿಂದ 5, 10, 15, 20, 25 ಸೆಂ.ಮೀ. ಎತ್ತರಕ್ಕೆ. ಈ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಒಂದೊಂದೇ ಕೊಕ್ಕೆಗೆ ಹಾಕಿ ಎಳೆಯುತ್ತೇನೆ. ತಳ್ಳುವುದಕ್ಕೂ ಎಳೆಯುವುದಕ್ಕೂ ಇಲ್ಲಿ ವ್ಯತ್ಯಾಸವಿಲ್ಲ. ಬಲ ಯಾವ ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ ಹಾದುಹೋಗುತ್ತದೆ ಅನ್ನುವುದಷ್ಟೇ ಮುಖ್ಯ. ಒಂದು ಎಚ್ಚರಿಕೆ ಮಾತ್ರ ಬೇಕು, ದಾರ ಮೇಜಿಗೆ ಸಮಾನಾಂತರವಾಗಿ ಮಟ್ಟಸವಾಗಿರಬೇಕು. ಕೈ ಮೇಲೆತ್ತಿದರೆ ತುಂಡಿನ ಭಾರವನ್ನೂ ಸ್ವಲ್ಪ ಎತ್ತಿದ ಹಾಗಾಗಿ ಲೆಕ್ಕ ಕೆಡುತ್ತದೆ. ಬಲವನ್ನು ಕಿಲೋದಲ್ಲೇ ಹೇಳುತ್ತೇನೆ. ನ್ಯೂಟನ್ ಎಲ್ಲಿ ಹೋಯಿತು ಅಂತ ಮೇಷ್ಟ್ರುಗಳು ಸಿಟ್ಟಾಗಬಾರದು, ತಕ್ಕಡಿ ತೋರಿಸುವುದೇ ಕಿಲೋ.

5ರ ಕೊಕ್ಕೆ. ನಿಧಾನವಾಗಿ ಎಳೆಯುತ್ತೇನೆ... 600 ಗ್ರಾಂ, 700, 800. ಜಾರಿತು. 10ರ ಕೊಕ್ಕೆ. ಮತ್ತೆ 800ಕ್ಕೇ ಜಾರಿತು. ಗಮನಿಸಿ, ಎತ್ತರ ಎರಡರಷ್ಟಾದರೂ ಜಾರಿಸಲು ಬೇಕಾದ ಬಲ ಒಂದು ಗ್ರಾಂ ಕೂಡ ಬದಲಾಗಲಿಲ್ಲ. ಈಗ 15ರದ್ದು. 500, 600, 650... ನೋಡಿ, ಹಿಂದಿನ ಅಂಚು ಎದ್ದಿತು! 800ರ ತನಕ ಹೋಗಲೇ ಇಲ್ಲ. 20ರದ್ದು ಅರ್ಧ ಕಿಲೋಗೇ ಎದ್ದಿತು. 25ರದ್ದು 400 ಗ್ರಾಂಗೆ. ಮೇಲೆ ಹೋದಷ್ಟೂ ಮಗುಚುವುದು ಸಲೀಸಾಗುತ್ತಾ ಹೋಯಿತು.

ಎರಡು ಬೇರೆ ಬೇರೆ ಸಂಗತಿಗಳು ಇಲ್ಲಿ ಪೈಪೋಟಿಗೆ ಬಿದ್ದಿವೆ. ಒಂದು ಜಾರುವುದು. ಜಾರಬೇಕಾದರೆ ಮೇಜಿನ ಘರ್ಷಣೆಯನ್ನು ಗೆಲ್ಲಬೇಕು. ಒಣ ಮೇಲ್ಮೈಗಳಲ್ಲಿ ಘರ್ಷಣೆ ತೂಕಕ್ಕೆ ತಕ್ಕಂತೆ ಇರುತ್ತದೆ, ತಾಗಿರುವ ಜಾಗದ ವಿಸ್ತಾರವನ್ನು ಅವಲಂಬಿಸುವುದಿಲ್ಲ. ಇದನ್ನು ನಿಯಮವಾಗಿ ಬರೆದಿಟ್ಟವರು ಫ್ರಾನ್ಸಿನ ಅಮೊಂಟಾನ್, 1699ರಲ್ಲಿ. ಇಲ್ಲಿ 2 ಕಿಲೋ ತೂಕಕ್ಕೆ 0.8 ಕಿಲೋ ಬಲ ಬೇಕಾಯಿತು, ಅಂದರೆ ಈ ಮರಕ್ಕೂ ಈ ಮೇಜಿಗೂ ನಡುವಿನ ಘರ್ಷಣಾ ಗುಣಾಂಕ 0.4. ಗ್ರೀಕ್ ಅಕ್ಷರ μ ಬರೆದು ಹೆದರಿಸುವುದು ಇದನ್ನೇ.

ಇನ್ನೊಂದು ಮಗುಚುವುದು. ಇದು ಸನ್ನೆಗೋಲಿನ ಲೆಕ್ಕ. ಮುಂದಿನ ಕೆಳ ಅಂಚೇ ಆಧಾರ. ನನ್ನ ಎಳೆತ ತುಂಡನ್ನು ಆ ಅಂಚಿನ ಮೇಲೆ ಮುಂದಕ್ಕೆ ತಿರುಗಿಸಲು ನೋಡುತ್ತದೆ. ಅದರ ತಾಕತ್ತು ಬಲವನ್ನು ಕೊಕ್ಕೆಯ ಎತ್ತರದಿಂದ ಗುಣಿಸಿದಷ್ಟು. ತುಂಡಿನ ತೂಕ ಅದನ್ನು ಹಿಂದಕ್ಕೆ ಕೂರಿಸಲು ನೋಡುತ್ತದೆ. ಅದರ ತಾಕತ್ತು ತೂಕವನ್ನು ಅರ್ಧ ಬುಡದಿಂದ ಗುಣಿಸಿದಷ್ಟು, 2 ಕಿಲೋ ಗುಣಿಸು 5 ಸೆಂ.ಮೀ., ಅಂದರೆ 10. ಈ 10ನ್ನು ಮೀರಬೇಕಾದರೆ 15ರ ಕೊಕ್ಕೆಗೆ 0.67 ಕಿಲೋ ಸಾಕು, 20ಕ್ಕೆ 0.5, 25ಕ್ಕೆ 0.4. ತಕ್ಕಡಿ ತೋರಿಸಿದ್ದೂ ಇವನ್ನೇ. 5ರ ಕೊಕ್ಕೆಗಾದರೆ 2 ಕಿಲೋ ಬೇಕು. ಆದರೆ 0.8ಕ್ಕೇ ತುಂಡು ಜಾರಿಬಿಡುವುದರಿಂದ ಬಲ ಅಲ್ಲಿಯ ತನಕ ಏರುವುದೇ ಇಲ್ಲ.

ಎರಡರಲ್ಲಿ ಯಾವುದಕ್ಕೆ ಕಡಿಮೆ ಬಲ ಸಾಕೋ ಅದೇ ಮೊದಲು ಆಗುತ್ತದೆ. ಎರಡೂ ಸಮವಾಗುವ ಎತ್ತರವೇ ಆ ಗುರುತು. ಸೂತ್ರ ಬೇಕಾದವರಿಗೆ,

h = b / (2μ)

b ಅಂದರೆ ತಳ್ಳುವ ದಿಕ್ಕಿನಲ್ಲಿ ಬುಡದ ಅಗಲ. ಅರ್ಧ ಅಗಲವನ್ನು ಘರ್ಷಣಾ ಗುಣಾಂಕದಿಂದ ಭಾಗಿಸಿದರೆ ಆಯಿತು. ಇಲ್ಲಿ 5 ಭಾಗಿಸು 0.4, ಅಂದರೆ 12.5 ಸೆಂ.ಮೀ. ಅದರ ಕೆಳಗೆ ಎಳೆದರೆ ಜಾರುತ್ತದೆ, ಮೇಲೆ ಎಳೆದರೆ ಮಗುಚುತ್ತದೆ.

ಇದರಲ್ಲಿ ಏನು ಇಲ್ಲ ಅನ್ನುವುದನ್ನು ನೋಡಿ. ತೂಕ ಇಲ್ಲ. ತುಂಡಿನ ಎತ್ತರವೂ ಇಲ್ಲ! ನನ್ನ ಹುಡುಗರು ಇಲ್ಲೇ ವರ್ಷಗಟ್ಟಲೆ ಜಗಳ ತೆಗೆದಿದ್ದಾರೆ: "ಸಾರ್, ಎತ್ತರದ್ದು ಬೇಗ ಬೀಳುತ್ತೆ ಅಲ್ವಾ?" ಎತ್ತರದ ಪೆಟ್ಟಿಗೆ ಬೇಗ ಮಗುಚುವುದು ನಿಜ. ಆದರೆ ಕಾರಣ ಬೇರೆ, ಅದು ಮೇಲೆ ಕೈ ಇಡಲು ಜಾಗ ಕೊಡುತ್ತದೆ. ಈ ತುಂಡನ್ನು 12 ಸೆಂ.ಮೀ.ಗೆ ಕೊಯ್ದುಬಿಟ್ಟರೆ ಮಟ್ಟಸವಾಗಿ ಎಲ್ಲಿ ಎಳೆದರೂ ಮಗುಚಲಾಗದು, 12.5ರ ಜಾಗವೇ ಅದರಲ್ಲಿಲ್ಲವಲ್ಲ. ತೂಕದ ಕಥೆಯೂ ಹಾಗೇ. ತೂಕ ಎರಡರಷ್ಟಾದರೆ ಜಾರಿಸುವ ಬಲವೂ ಎರಡರಷ್ಟು, ಮಗುಚುವ ಬಲವೂ ಎರಡರಷ್ಟು. ಪೈಪೋಟಿಯಲ್ಲಿ ಗೆಲ್ಲುವುದು ಯಾರು ಅನ್ನುವುದು ಬದಲಾಗುವುದಿಲ್ಲ.

ಈಗ ಕಣ್ಣಿಗೆ ಕಾಣದ ಒಂದನ್ನು ತೋರಿಸುತ್ತೇನೆ. ತುಂಡು ಅಲುಗದೆ ನಿಂತಿರುವಾಗಲೂ ಬುಡದಡಿ ಏನೋ ನಡೆಯುತ್ತಿರುತ್ತದೆ. ಹಿಂದಿನ ಅಂಚಿನ ಕೆಳಗೆ ಈ ಬಸ್ ಟಿಕೆಟ್ ತೂರಿಸಿದ್ದೇನೆ, ಮುಂದಿನ ಅಂಚಿನ ಕೆಳಗೆ ಇನ್ನೊಂದು. ಯಾರಾದರೂ ಬಂದು ಹಿಂದಿನದನ್ನು ಎಳೆದು ನೋಡಿ. ಬರುತ್ತಿಲ್ಲ, ಬಿಗಿಯಾಗಿದೆ. ಈಗ ನಾನು 10ರ ಕೊಕ್ಕೆಯನ್ನು ಅರ್ಧ ಕಿಲೋದಷ್ಟು ಎಳೆದು ಹಿಡಿಯುತ್ತೇನೆ. ತುಂಡು ಕದಲಿಲ್ಲ, ಎದ್ದಿಲ್ಲ. ಈಗ ಟಿಕೆಟ್ ಎಳೆಯಿರಿ. ಸರಾಗವಾಗಿ ಬಂತು! ಮುಂದಿನದು? ಇನ್ನೂ ಬಿಗಿಯಾಗಿದೆ.

ಮೇಜು ತುಂಡನ್ನು ಮೇಲಕ್ಕೆ ಒತ್ತಿ ಹೊತ್ತಿರುತ್ತದೆ ತಾನೆ? ಎಳೆಯದಿದ್ದಾಗ ಆ ಒತ್ತು ಬುಡದ ನಟ್ಟನಡುವೆ ಇರುತ್ತದೆ. ಎಳೆಯಲು ಶುರು ಮಾಡಿದೊಡನೆ ಅದು ಮುಂದಕ್ಕೆ ನಡೆಯತೊಡಗುತ್ತದೆ. ಎಷ್ಟು ನಡೆಯುತ್ತದೆ ಅನ್ನುವುದು ಎಳೆತ ಎಷ್ಟು, ಎಷ್ಟು ಎತ್ತರದಲ್ಲಿ ಅನ್ನುವುದರ ಮೇಲಿದೆ. 10ರ ಕೊಕ್ಕೆಯಲ್ಲಿ ಅರ್ಧ ಕಿಲೋ ಎಳೆದರೆ ನಡುವಿನಿಂದ 2.5 ಸೆಂ.ಮೀ. ಮುಂದಕ್ಕೆ. 0.8 ಎಳೆದರೆ 4 ಸೆಂ.ಮೀ. ಅಂಚಿಗೆ ಇನ್ನೊಂದು ಸೆಂ.ಮೀ. ಉಳಿದಿರುವಾಗಲೇ ಘರ್ಷಣೆ ಸೋತು ತುಂಡು ಜಾರಿಬಿಡುತ್ತದೆ. 15ರ ಕೊಕ್ಕೆಯಲ್ಲಿ ಹಾಗಾಗುವುದಿಲ್ಲ, ಘರ್ಷಣೆ ಸೋಲುವ ಮೊದಲೇ ಒತ್ತು ಅಂಚಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗಲು ಬುಡ ಇಲ್ಲ. ಅಲ್ಲಿಂದಾಚೆ ತುಂಡು ಏಳಲೇಬೇಕು. ಈ ಟಿಕೆಟ್ ಪ್ರಯೋಗ ಮನೆಯ ಬೀರಿಗೂ ಆಗುತ್ತದೆ, ನಿಮ್ಮ ಕಡೆಯ ಕಾಲಿನ ಅಡಿ ಒಂದು ಕಾಗದ ಇಟ್ಟು ತಳ್ಳಿ ನೋಡಿ. ಬೀರು ಹೊರಡುವ ಮೊದಲೇ ಕಾಗದ ಪೂರಾ ಸಡಿಲಾದರೆ ಕೈ ಕೆಳಗಿಳಿಸಿ.

ಸರಿ, ಬೀರಿಗೆ ಬರೋಣ. ಆ ದಿನದ ಲೆಕ್ಕವನ್ನು ಆಮೇಲೆ ಟೇಪು ಹಿಡಿದು ಮಾಡಿದೆ. ಎತ್ತರ 198 ಸೆಂ.ಮೀ. ಗೋಡೆಯ ದಿಕ್ಕಿಗೆ ಬೀರಿನ ಆಳ 48 ಸೆಂ.ಮೀ. ಆದರೆ 48ನ್ನು ಸೂತ್ರಕ್ಕೆ ಹಾಕಿದರೆ ತಪ್ಪು. ಬೀರು ನಿಂತಿರುವುದು ಕಾಲುಗಳ ಮೇಲೆ, ಮೈ ಮೇಲಲ್ಲ. ಕಾಲುಗಳು ಒಳಗೆ ಸರಿದಿರುತ್ತವೆ. ಕಾಲಿನ ಹೊರ ಅಂಚಿನಿಂದ ಹೊರ ಅಂಚಿಗೆ 44 ಸೆಂ.ಮೀ., ಅರ್ಧ 22. ತೂಕ ಸುಮಾರು 100 ಕಿಲೋ, ನೆಲ ಮೊಸಾಯಿಕ್, ಗುಣಾಂಕ 0.4 ಅಂದುಕೊಳ್ಳಿ.

22ನ್ನು 0.4ರಿಂದ ಭಾಗಿಸಿದರೆ 55 ಸೆಂ.ಮೀ. ಅಂದರೆ ನನ್ನ ಮಂಡಿಗಿಂತ ಸ್ವಲ್ಪ ಮೇಲೆ. ನಾನು ಕೈ ಇಟ್ಟಿದ್ದು 130ರಲ್ಲಿ. ಅಲ್ಲಿ ಮಗುಚಲು 17 ಕಿಲೋ ಬಲ ಸಾಕು, ಜಾರಿಸಲು 40 ಬೇಕು. ಜಾರುವ ಬಲದ ಅರ್ಧಕ್ಕೂ ತಲುಪುವ ಮುನ್ನವೇ ಕಾಲು ಎದ್ದಿತ್ತು. "ಮಂಡಿ ಊರಿ ತಳ್ರಿ" ಅಂದ ಹಮಾಲರಿಗೆ ಸೂತ್ರ ಗೊತ್ತಿರಲಿಲ್ಲ, ಎತ್ತರ ಗೊತ್ತಿತ್ತು.

ಅದೇ ಬೀರನ್ನು ಅಡ್ಡಡ್ಡ, ಅಗಲದ ದಿಕ್ಕಿನಲ್ಲಿ ತಳ್ಳಿದರೆ? ಕಾಲಿನಿಂದ ಕಾಲಿಗೆ 86, ಅರ್ಧ 43. ಗುರುತು 107 ಸೆಂ.ಮೀ.ಗೆ ಏರಿತು. ಸೊಂಟದ ಮಟ್ಟದಲ್ಲಿ ಆರಾಮಾಗಿ ತಳ್ಳಬಹುದು. ಎದೆ ಮಟ್ಟದಲ್ಲಿ ಆಗಲೂ ಬೇಡ, 130ರಲ್ಲಿ 33 ಕಿಲೋಗೆ ಏಳುತ್ತದೆ.

ಹಮಾಲರು ಕಾಲಿನ ಅಡಿ ಗೋಣಿತಟ್ಟು ಹಾಕುತ್ತಾರಲ್ಲ, ಅದನ್ನೂ ನೋಡೋಣ. ನೆಲಕ್ಕೆ ಗೀರು ಬೀಳಬಾರದು ಅಂತ ಹಾಕುತ್ತಾರೆ ಅಂದುಕೊಂಡಿದ್ದೆ. ನುಣ್ಣನೆಯ ನೆಲದ ಮೇಲೆ ಬಟ್ಟೆ ಜಾರಿ ಗುಣಾಂಕ 0.25ಕ್ಕೆ ಇಳಿಯಿತು ಅನ್ನಿ. ತಳ್ಳುವ ಬಲ 40ರಿಂದ 25 ಕಿಲೋಗೆ ಇಳಿಯಿತು. ಜೊತೆಗೆ ಕೈ ಇಡಬಹುದಾದ ಎತ್ತರ 55ರಿಂದ 88 ಸೆಂ.ಮೀ.ಗೆ ಏರಿತು. ಬಗ್ಗಿದವರು ನೆಟ್ಟಗೆ ನಿಲ್ಲಬಹುದು. ತಿರುವಿ ನೋಡಿದರೆ, ಒರಟು ಸಿಮೆಂಟು ಅಂಗಳದಲ್ಲಿ ಗುಣಾಂಕ 0.6 ಇದ್ದರೆ ಗುರುತು 37 ಸೆಂ.ಮೀ.ಗೆ ಕುಸಿಯುತ್ತದೆ. ಒಳಗೆ ಚೆನ್ನಾಗಿ ಜಾರಿದ ಬೀರು ಅಂಗಳಕ್ಕೆ ಬಂದೊಡನೆ, ಅದೇ ಎತ್ತರಕ್ಕೆ ಕೈ ಇಟ್ಟವರ ಮುಂದೆ ಏಳುವುದು ಇದಕ್ಕೇ.

ಇಷ್ಟೊತ್ತು ನಾನು ತೂಕ ನಟ್ಟನಡುವೆ ಇದೆ ಅಂತ ಅಂದುಕೊಂಡೇ ಮಾತಾಡಿದೆ. ಬೀರಿನ ಬಾಗಿಲು ತೆರೆದರೆ ಹಾಗಿರುವುದಿಲ್ಲ. ಹತ್ತತ್ತು ಕಿಲೋದ ಎರಡು ಬಾಗಿಲು ಪೂರ್ತಿ ಮುಂದಕ್ಕೆ ತೆರೆದುಕೊಂಡರೆ ಇಡೀ ಬೀರಿನ ತೂಕದ ನಡು ನಾಲ್ಕೂವರೆ ಸೆಂ.ಮೀ. ಮುಂದಕ್ಕೆ ಬರುತ್ತದೆ. 22 ಇದ್ದದ್ದು ಹದಿನೇಳೂವರೆ ಆಯಿತು, ಗುರುತು 55ರಿಂದ 44ಕ್ಕೆ ಇಳಿಯಿತು. ಬೀರನ್ನು ಗೋಡೆಯಿಂದ ಈಚೆಗೆ ಸರಿಸುವಾಗ ಬೀಗ ಹಾಕಿ ಅನ್ನುವುದು ಒಡವೆಗಾಗಿ ಮಾತ್ರ ಅಲ್ಲ.

ಇಲ್ಲಿ ಕಾಲು ಎದ್ದರೆ ಮುಗಿಯಿತೇ, ಬಿದ್ದೇ ಹೋಗುತ್ತದೆಯೇ? ಇಲ್ಲ. ಅದು ಎರಡನೇ ಪ್ರಶ್ನೆ, ಮತ್ತು ಎತ್ತರಕ್ಕೆ ಕೊನೆಗೂ ಬೆಲೆ ಬರುವುದು ಇಲ್ಲಿ. ಬೀರು ವಾಲಿದಂತೆ ಅದರ ತೂಕದ ನಡು ಮುಂದಿನ ಕಾಲಿನ ಕಡೆಗೆ ಬರುತ್ತದೆ. ಹಾಗೆ ಬಂದಷ್ಟೂ ತೂಕಕ್ಕೆ ಹಿಂದಕ್ಕೆ ಕೂರಿಸುವ ತಾಕತ್ತು ಕಮ್ಮಿಯಾಗುತ್ತದೆ. ಅಂದರೆ ಎಬ್ಬಿಸಲು 17 ಕಿಲೋ ಬೇಕಾಗಿದ್ದದ್ದು, ಎದ್ದ ಮೇಲೆ ಇನ್ನೂ ಕಡಿಮೆ ಸಾಕು. ಅದೇ ಜೋರಿನಲ್ಲಿ ತಳ್ಳುತ್ತಾ ಇದ್ದರೆ ಅದು ತಾನಾಗಿ ವೇಗ ಹಿಡಿಯುತ್ತದೆ. ಕೈಗೆ "ಹಗುರಾಯ್ತು" ಅನಿಸುವುದು ಆಗಲೇ. ಜಾರತೊಡಗಿತು ಅಂದುಕೊಂಡು ಜನ ಇನ್ನಷ್ಟು ತಳ್ಳುತ್ತಾರೆ. ಬೀರು ತಳ್ಳುವಾಗ ಹಗುರಾದರೆ ಕಾಲು ನೋಡಿ.

ತೂಕದ ನಡು ಕಾಲಿನ ಅಂಚಿನ ನೇರಕ್ಕೆ ಬಂದರೆ ಅಲ್ಲಿಂದಾಚೆ ತಳ್ಳುವುದೇ ಬೇಡ. ನನ್ನ ಬೀರಿಗೆ ತೂಕದ ನಡು 99 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಂಡರೆ ಅದು ಹನ್ನೆರಡೂವರೆ ಡಿಗ್ರಿ ವಾಲಿದಾಗ. ಆಗ ಎದ್ದ ಕಾಲು ನೆಲದಿಂದ ಒಂಬತ್ತೂವರೆ ಸೆಂ.ಮೀ. ಮೇಲಿರುತ್ತದೆ, ಬೀರಿನ ತಲೆ 43 ಸೆಂ.ಮೀ. ಮುಂದೆ ಹೋಗಿರುತ್ತದೆ. ನಾನು ಕೈ ತೆಗೆದಾಗ ಕಾಲು ಎರಡು ಬೆರಳು ಎದ್ದಿತ್ತೇನೋ, ಅದಕ್ಕೇ ವಾಪಸ್ ಕೂತಿತು. ಮೇಲಿನ ಅರೆಗಳಲ್ಲಿ ಹಿತ್ತಾಳೆ ಪಾತ್ರೆ ತುಂಬಿ ಕೆಳಗೆ ಖಾಲಿ ಬಿಟ್ಟು ತೂಕದ ನಡು 130ಕ್ಕೆ ಏರಿದ್ದರೆ? ಆಗ ಕಾಲು ಎಬ್ಬಿಸಲು ಬೇಕಾದ ಬಲ ತೂಕಕ್ಕೆ ತಕ್ಕಷ್ಟೇ ಇರುತ್ತಿತ್ತು, ಗುರುತು ಅದೇ 55 ಆಗಿರುತ್ತಿತ್ತು. ಆದರೆ ಒಂಬತ್ತೂವರೆ ಡಿಗ್ರಿ ದಾಟಿದರೆ ವಾಪಸ್ ಬರುತ್ತಿರಲಿಲ್ಲ. ಏಳುವುದನ್ನು ಕೈಯ ಎತ್ತರ ನಿರ್ಧರಿಸುತ್ತದೆ, ಎದ್ದದ್ದು ಮರಳಿ ಕೂರುವುದನ್ನು ತೂಕದ ಎತ್ತರ.

ಇನ್ನೊಂದು ಅಪಾಯ ಸೂತ್ರದಲ್ಲಿ ಕಾಣುವುದಿಲ್ಲ. ನೀವು 50 ಸೆಂ.ಮೀ.ಗೆ ಕೈ ಇಟ್ಟು ಸರಿಯಾಗಿಯೇ ಜಾರಿಸುತ್ತಿದ್ದೀರಿ. ಮುಂದಿನ ಕಾಲು ಟೈಲ್ಸಿನ ಸಂದಿಗೋ ಹೊಸ್ತಿಲಿಗೋ ತಗಲುತ್ತದೆ. ಆಗ ಜಾರುವ ದಾರಿಯೇ ಬಂದ್. ಗುಣಾಂಕ 0.4 ಅಲ್ಲ, ಎಷ್ಟು ದೊಡ್ಡದಾದರೂ ಆಗಬಹುದು. ಬೀರಿಗೆ ಓಟದ ವೇಗ ಇರುತ್ತದಲ್ಲ, ಅದರ ಬಹುಪಾಲು ಮಗುಚುವುದಕ್ಕೆ ಹೋಗುತ್ತದೆ. ಲೆಕ್ಕ ಹಾಕಿದರೆ, ಈ ಬೀರು ಸೆಕೆಂಡಿಗೆ 80 ಸೆಂ.ಮೀ. ವೇಗದಲ್ಲಿ ಹೋಗಿ ಕಾಲು ತಗಲಿಸಿಕೊಂಡರೆ, ಯಾರೂ ತಳ್ಳದಿದ್ದರೂ ಬಿದ್ದು ಹೋಗಲು ಅಷ್ಟು ಸಾಕು. ಅದು ನಿಧಾನ ನಡಿಗೆಯ ವೇಗ. ನೀವು ಹಿಂದಿನಿಂದ ಇನ್ನೂ ತಳ್ಳುತ್ತಿದ್ದರೆ ಅಷ್ಟೂ ಬೇಡ. ಅದಕ್ಕೇ ಅನುಭವಸ್ಥರು ಬೀರನ್ನು ಗೇಣು ಗೇಣು ಸರಿಸುತ್ತಾರೆ, ಓಡಿಸುವುದಿಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಎರಡೂ ಒಳ್ಳೆಯವು.

ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದರು: "ಈ 0.4 ಅನ್ನೋದು ನಮಗೆ ಹೆಂಗೆ ಗೊತ್ತಾಗಬೇಕು ಸಾರ್? ಮನೇಲಿ ಸ್ಪ್ರಿಂಗ್ ತಕ್ಕಡಿ ಇಲ್ಲವಲ್ಲ." ಹಲಗೆ ಸಾಕಮ್ಮ ಅಂದೆ. ಹಲಗೆಯ ಮೇಲೆ ವಸ್ತು ಇಟ್ಟು ಒಂದು ತುದಿ ನಿಧಾನವಾಗಿ ಎತ್ತುತ್ತಾ ಹೋಗಿ. ಜಾರಲು ಶುರುವಾದ ಕ್ಷಣ ನಿಲ್ಲಿಸಿ, ಎಷ್ಟು ಎತ್ತಿದ್ದೀರಿ ಅನ್ನುವುದನ್ನು ಕೆಳಗೆ ನೆಲದ ಮೇಲಿನ ದೂರದಿಂದ ಭಾಗಿಸಿ. ನೆಲದ ದೂರ 100 ಸೆಂ.ಮೀ., ಎತ್ತಿದ್ದು 40 ಆದರೆ ಗುಣಾಂಕ 0.4. ಹೇಳುತ್ತಲೇ ನಮ್ಮ ತುಂಡನ್ನು ಹಲಗೆಯ ಮೇಲೆ ನಿಲ್ಲಿಸಿ ಎತ್ತಿದೆ. 33 ಸೆಂ.ಮೀ.ಗೆ ಬಂದಾಗ ತುಂಡು ಜಾರುವ ಬದಲು ದಬಕ್ಕನೆ ಮಗುಚಿ ಬಿತ್ತು. ಸಭೆ ನಕ್ಕಿತು. ನನಗೆ ಬೇಕಾಗಿದ್ದೂ ಅದೇ. ಇಳಿಜಾರಿನಲ್ಲಿ ತುಂಡನ್ನು ಕೆಳಕ್ಕೆ ಎಳೆಯುವುದು ಅದರದೇ ತೂಕ. ತೂಕದ ನಡು ಇರುವುದು ಬುಡದಿಂದ 15 ಸೆಂ.ಮೀ.ನಲ್ಲಿ, ಅಂದರೆ ಯಾರೋ 15ರ ಕೊಕ್ಕೆ ಹಿಡಿದು ಎಳೆದ ಹಾಗೆ. ನಮ್ಮ ಗುರುತು 12.5, ಮಗುಚಲೇಬೇಕು. ಆಮೇಲೆ ತುಂಡನ್ನು ಹಲಗೆಯ ಮೇಲೆ ಮಲಗಿಸಿ ಎತ್ತಿದೆ. 40ಕ್ಕೆ ಜಾರಿತು. ಅಮೊಂಟಾನ್ ಹೇಳಿದ ಹಾಗೆ ತಾಗುವ ಜಾಗ ದೊಡ್ಡದಾದರೂ ಗುಣಾಂಕ ಬದಲಾಗದು, ಆದ್ದರಿಂದ ಮಲಗಿಸಿ ಅಳೆದದ್ದನ್ನೇ ನಿಲ್ಲಿಸಿದಾಗಲೂ ಬಳಸಬಹುದು.

ಎರಡನೆಯದನ್ನು ಕೇಳಿದವರು ಗೂಡ್ಸ್ ಆಟೋ ಓಡಿಸುವವರು. ಫ್ರಿಜ್ ನಿಲ್ಲಿಸಿಕೊಂಡು ಹೋಗುವಾಗ ಬ್ರೇಕ್ ಹಾಕಿದರೆ ಅದು ಮುಂದಕ್ಕೆ ಜಾರುತ್ತದೋ ಬೀಳುತ್ತದೋ? ಇದೂ ಇಳಿಜಾರಿನ ಲೆಕ್ಕವೇ. ಬ್ರೇಕಿನ ಹೊಡೆತ ಹತ್ತುವುದು ತೂಕದ ನಡುವಿಗೆ, ಕೈಯ ಎತ್ತರ ಆರಿಸುವ ಅವಕಾಶ ಇಲ್ಲಿ ನಮಗಿಲ್ಲ. 60 ಸೆಂ.ಮೀ. ಆಳದ ಫ್ರಿಜ್ಜಿಗೆ ಕಂಪ್ರೆಸರ್ ಕೆಳಗಿರುವುದರಿಂದ ತೂಕದ ನಡು 75 ಸೆಂ.ಮೀ.ನಲ್ಲಿದೆ ಅನ್ನಿ. 30 ಭಾಗಿಸು 75, ಅಂದರೆ 0.4. ಆಟೋದ ತಗಡಿನ ಮೇಲೆ ಗುಣಾಂಕ ಇದಕ್ಕಿಂತ ಕಮ್ಮಿಯಿದ್ದರೆ ಫ್ರಿಜ್ ಜಾರಿ ಕ್ಯಾಬಿನ್ನಿಗೆ ತಗಲುತ್ತದೆ, ಹೆಚ್ಚಿದ್ದರೆ ಮಗುಚುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಒತ್ತಿದ ಬ್ರೇಕಿಗೆ ಎರಡನ್ನೂ ಮಾಡುವ ತಾಕತ್ತಿದೆ. ಫ್ರಿಜ್ಜಿನ ಅಡಿ ರಬ್ಬರ್ ಮ್ಯಾಟ್ ಹಾಕುತ್ತೇನೆ, ಜಾರಬಾರದಲ್ಲ ಅಂದರು ಅವರು. ಹಾಕಿ, ಆದರೆ ಹಾಕಿದ ಮೇಲೆ ಅದು ಬೀಳುವ ಸಾಮಾನು. ಹಗ್ಗವನ್ನು ಸೊಂಟಕ್ಕಲ್ಲ, ತೂಕದ ನಡುವಿಗಿಂತ ಸಾಕಷ್ಟು ಮೇಲೆ, ಭುಜಕ್ಕೆ ಕಟ್ಟಿ ಅಂದೆ. ಅವರು ಸ್ವಲ್ಪ ಯೋಚಿಸಿ, "ಅದಕ್ಕೇ ಆ ಸಲ ಹಗ್ಗ ಇದ್ರೂ ಬಗ್ಗಿತ್ತು" ಅಂದರು. ಯಾವ ಸಲ ಅಂತ ಹೇಳಲಿಲ್ಲ.

ಕೊನೆಗೆ ಜನ ಏಳುತ್ತಿದ್ದಾಗ ಎಂಟನೇ ಕ್ಲಾಸಿನ ಹುಡುಗನೊಬ್ಬ ಮೇಜಿನ ಹತ್ತಿರ ಬಂದ. ಸರಿಯಾಗಿ 12.5ರಲ್ಲಿ ಎಳೆದರೆ ಏನಾಗುತ್ತೆ ಸಾರ್? ಅಲ್ಲಿ ಕೊಕ್ಕೆ ಇರಲಿಲ್ಲ. ಅವನೇ ಸ್ಕೇಲು ಹಿಡಿದು ಗುರುತು ಹಾಕಿ ದಾರವನ್ನು ತುಂಡಿಗೆ ಸುತ್ತಿ ಬಿಗಿದು ಎಳೆದ. ಮೊದಲ ಸಲ ಜಾರಿತು. ಎರಡನೇ ಸಲ ಮಗುಚಿತು. ಮತ್ತೆ ಜಾರಿತು, ಮತ್ತೆ ಜಾರಿತು, ಮತ್ತೆ ಮಗುಚಿತು. ಒಂದೇ ಮೇಜಿನಲ್ಲೂ ಗುಣಾಂಕ ಎಲ್ಲ ಕಡೆ ಒಂದೇ ಇರುವುದಿಲ್ಲ, ಆದ್ದರಿಂದ ಗುರುತಿನ ಅಕ್ಕಪಕ್ಕ ಸೂತ್ರ ಏನೂ ಭರವಸೆ ಕೊಡುವುದಿಲ್ಲ ಅಂತ ವಿವರಿಸತೊಡಗಿದೆ. ಹುಡುಗ ನನ್ನ ಮಾತು ಕೇಳುತ್ತಿರಲಿಲ್ಲ, ಬಗ್ಗಿ ಮೇಜನ್ನೇ ನೋಡುತ್ತಿದ್ದ. ಆಮೇಲೆ ಬೆರಳಿಂದ ಒಂದು ಕಡೆ ಒರೆಸಿ ತೋರಿಸಿದ. ತುಂಡು ಮಗುಚಿದ್ದೆಲ್ಲ ಅಲ್ಲೇ, ಸಂಜೆ ಯಾರೋ ಚೆಲ್ಲಿ ಅರೆಬರೆ ಒರೆಸಿದ್ದ ಚಹಾದ ಅಂಟಿನ ಮೇಲೆ.